ತಂತ್ರಾಂಶ ದೋಷ ಪ್ರಮಾಣ ಹಾಗೂ ಲಾಗ್ ಮಾದರಿಗಳ ಬೆಳಗಿನ ಸಾರಾಂಶ

ಪೀಠಿಕೆ

ಹಿಂದಿನ 24 ಗಂಟೆಗಳಲ್ಲಿ ತಂತ್ರಾಂಶಕ್ಕೆ ಬಂದ ಕೋರಿಕೆಗಳ ಪೈಕಿ ಎಷ್ಟು ವಿಫಲವಾದವು ಹಾಗೂ ಲಾಗ್ ಕಡತದಲ್ಲಿ ಯಾವ ದೋಷ ಸಂದೇಶಗಳು ದಾಖಲಾದವು ಎಂಬುದನ್ನು ಒಂದು ಪುಟದಲ್ಲಿ ತಿಳಿಸುವ ಟಿಪ್ಪಣಿಯೇ ಬೆಳಗಿನ ಸಾರಾಂಶ. ರಾತ್ರಿ ಪಾಳಿಯ ಸಿಬ್ಬಂದಿ ಇಲ್ಲದ ಸಣ್ಣ ತಂಡಗಳಲ್ಲಿ ಇದು ದಿನದ ಮೊದಲ ಕಡತವಾಗಿರುತ್ತದೆ.

1. ದೋಷ ಪ್ರಮಾಣ

5xx ಸಂಕೇತದೊಂದಿಗೆ ಮುಗಿದ ಕೋರಿಕೆಗಳನ್ನು ಒಟ್ಟು ಕೋರಿಕೆಗಳಿಂದ ಭಾಗಿಸಿ, ಶೇಕಡಾವಾರು ನಮೂದಿಸತಕ್ಕದ್ದು. ಪ್ರತಿಯೊಂದು ಸೇವೆಯ ಪ್ರಮಾಣವನ್ನು ಪ್ರತ್ಯೇಕವಾಗಿ ತೋರಿಸುವುದು ಅವಶ್ಯ. ಒಟ್ಟು ಪ್ರಮಾಣವೊಂದನ್ನೇ ನೋಡಿದಲ್ಲಿ ಒಂದು ಸೇವೆಯ ಸುಧಾರಣೆಯು ಮತ್ತೊಂದರ ವೈಫಲ್ಯವನ್ನು ಮರೆಮಾಚುವ ಸಂಭವವಿದೆ.

2. ಲಾಗ್ ಮಾದರಿ

ಒಂದೇ ದೋಷದ ಸಂದೇಶಗಳಲ್ಲಿಯೂ ಸಮಯ ಮತ್ತು ಸಂಖ್ಯೆಗಳು ಬೇರೆಬೇರೆ ಇರುತ್ತವೆ. ಅಂಕಿಗಳ ಸ್ಥಾನದಲ್ಲಿ N ಎಂಬ ಗುರುತನ್ನಿರಿಸಿದರೆ ಒಂದೇ ಬಗೆಯ ಸಾಲುಗಳು ಒಂದು ಮಾದರಿಯಾಗಿ ಸೇರುತ್ತವೆ:

```
grep ERROR app.log | sed -E 's/[0-9]+/N/g' | sort | uniq -c | sort -rn
```

3. ಉದಾಹರಣೆ (ಕಾಲ್ಪನಿಕ)

ಒಂದು ದಿನ 50,000 ಕೋರಿಕೆಗಳಲ್ಲಿ 250, ಮರುದಿನ 48,000ದಲ್ಲಿ 240 ವಿಫಲವಾದವು. ಎರಡೂ ದಿನ ಪ್ರಮಾಣ ಶೇ. 0.5. ಆದರೆ ರಸೀದಿ ಸೇವೆಯನ್ನು ಬೇರ್ಪಡಿಸಿ ನೋಡಿದಾಗ, ಮೊದಲ ದಿನ 1,200 ಕೋರಿಕೆಗಳಲ್ಲಿ 12 (ಶೇ. 1) ಇದ್ದ ವೈಫಲ್ಯ, ಮರುದಿನ ಅಷ್ಟೇ ಕೋರಿಕೆಗಳಲ್ಲಿ 180ಕ್ಕೆ (ಶೇ. 15) ಏರಿತ್ತು. ಹಳೆಯ ವರದಿ ಪುಟದ ದೋಷ ಅದೇ ದಿನ ನಿವಾರಣೆಯಾದ ಕಾರಣ ಒಟ್ಟು ಪ್ರಮಾಣ ಬದಲಾಗಲಿಲ್ಲ.

ಈ 180ರಲ್ಲಿ 160 ಸಾಲುಗಳು ಒಂದೇ ಮಾದರಿಯವು:

```
HikariPool-N - Connection is not available, request timed out after Nms.
```

ಡೇಟಾಬೇಸ್ ಸಂಪರ್ಕಗಳೆಲ್ಲವೂ ಬಳಕೆಯಲ್ಲಿವೆ ಎಂಬುದು ಇದರ ಅರ್ಥ. ಉಳಿದ 20 ಸಾಲುಗಳು ರಸೀದಿ ಮುದ್ರಣ ವಿಫಲವಾದುದನ್ನು ಸೂಚಿಸುತ್ತಿದ್ದವು. ಕಾಲಾನುಕ್ರಮದಲ್ಲಿ ನೋಡಿದಾಗ ಕಾರಣ ಸ್ಪಷ್ಟವಾಯಿತು. ಸಂಜೆ 6ಕ್ಕೆ ಹೊಸ ಆವೃತ್ತಿ ಅಳವಡಿಕೆಯಾಗಿ, 10 ಮುದ್ರಣ ವೈಫಲ್ಯಗಳ ನಂತರ 7.40ಕ್ಕೆ ಸಂಪರ್ಕ ದೋಷ ಆರಂಭವಾಯಿತು. ರಾತ್ರಿ 10ರ ನಿಗದಿತ ಮರುಚಾಲನೆಯಿಂದ ನಿಂತು, ಮತ್ತೆ 10 ಮುದ್ರಣ ವೈಫಲ್ಯಗಳಾದ ಮೇಲೆ 11.30ಕ್ಕೆ ಮರುಕಳಿಸಿತು. ಹಿಕಾರಿ ಪೂಲ್‌ನ ಪೂರ್ವನಿಗದಿತ ಗರಿಷ್ಠ ಮಿತಿ 10 ಸಂಪರ್ಕಗಳು. ಮುದ್ರಣ ವಿಫಲವಾದಾಗಲೆಲ್ಲ ಹೊಸ ಆವೃತ್ತಿಯು ಒಂದು ಸಂಪರ್ಕವನ್ನು ಹಿಂತಿರುಗಿಸದೆ ಉಳಿಸಿಕೊಳ್ಳುತ್ತಿತ್ತು.

ಹೀಗಾಗಿ, ಸಂಖ್ಯೆಯಲ್ಲಿ ಹೆಚ್ಚಿದ್ದ ಮಾದರಿಯು ಪರಿಣಾಮವಾಗಿದ್ದು, ವಿರಳ ಮಾದರಿಯೇ ಕಾರಣವಾಗಿತ್ತು. ಮಿತಿಯನ್ನು 20ಕ್ಕೆ ಏರಿಸಿದ್ದಲ್ಲಿ ದೋಷವು ತಡವಾಗಿ ಕಾಣಿಸುತ್ತಿತ್ತೇ ವಿನಾ ನಿವಾರಣೆಯಾಗುತ್ತಿರಲಿಲ್ಲ.

4. ಮಿತಿಗಳು

ಸಂಪರ್ಕಕ್ಕಾಗಿ ಕಾಯುವ ಪೂರ್ವನಿಗದಿತ ಅವಧಿ 30 ಸೆಕೆಂಡುಗಳು. ಅಷ್ಟರೊಳಗೆ ಬಳಕೆದಾರರು ಪುಟವನ್ನು ಮುಚ್ಚಿದರೆ nginx ಅದನ್ನು 499 ಎಂದು ದಾಖಲಿಸುತ್ತದೆ. ಅದು 5xx ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ 499ರ ಸಂಖ್ಯೆಯನ್ನು ಪ್ರತ್ಯೇಕ ಸಾಲಿನಲ್ಲಿ ನಮೂದಿಸತಕ್ಕದ್ದು.

5. ಸಾರಾಂಶದಲ್ಲಿ ಇರಬೇಕಾದ ಅಂಶಗಳು

- ಸೇವಾವಾರು ದೋಷ ಪ್ರಮಾಣ, ಹಿಂದಿನ ದಿನದ ಪ್ರಮಾಣದೊಂದಿಗೆ
- ಹಿಂದಿನ ದಿನ ಇಲ್ಲದೆ ಹೊಸದಾಗಿ ಕಂಡುಬಂದ ಮಾದರಿಗಳು, ಸಂಖ್ಯೆ ಎಷ್ಟೇ ಕಡಿಮೆಯಿದ್ದರೂ
- ಪ್ರತಿ ಮಾದರಿ ಮೊದಲು ಕಂಡ ಸಮಯ
- ಆವೃತ್ತಿ ಅಳವಡಿಕೆ ಹಾಗೂ ಮರುಚಾಲನೆಯ ಸಮಯ