ತುಂಡುತುಂಡಾಗಿ ನಕಲಾಗುವ ಎಳೆ: ಒಕಜಾಕಿ ದಂಪತಿ ಬಿಡಿಸಿದ ಒಗಟು

ಎಂ.ಬಿ.ಬಿ.ಎಸ್. ಮೊದಲ ವರ್ಷದ ಜೀವರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ‘ಒಕಜಾಕಿ ತುಣುಕುಗಳು ಎಂದರೇನು?’ ಎಂಬುದು ನಮಗೆ ಎರಡು ಅಂಕದ ಪ್ರಶ್ನೆ. ಎರಡು ಸಾಲು ಬರೆದೆ, ಎರಡು ಅಂಕವೂ ಬಂತು. ಒಕಜಾಕಿ ಎಂಬುದು ವ್ಯಕ್ತಿಯ ಹೆಸರೋ ಊರಿನ ಹೆಸರೋ ಎಂದು ನಾನು ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ವೃತ್ತಿಯಿಂದ ನಿವೃತ್ತನಾದ ಮೇಲೆ ಹಳೆಯ ಸಂಶೋಧನಾ ಪ್ರಬಂಧಗಳನ್ನು ಓದುವ ಹವ್ಯಾಸ ಹಿಡಿಯಿತು. ಆಗ ತಿಳಿಯಿತು: ಒಕಜಾಕಿ ಒಬ್ಬರಲ್ಲ, ಇಬ್ಬರು. ರೈಜಿ ಒಕಜಾಕಿ ಮತ್ತು ಅವರ ಪತ್ನಿ ತ್ಸುನೆಕೊ. ನಾನು ಬಹುಕಾಲದಿಂದ ವಾಸವಾಗಿರುವ ಈ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅವರೂ ಕೆಲಕಾಲ ಕೆಲಸ ಮಾಡಿದ್ದರು. ಅವರು ಬಿಡಿಸಿದ ಒಗಟಿನ ಮೂಲವೂ ಇದೇ ವಿಶ್ವವಿದ್ಯಾಲಯದಲ್ಲಿತ್ತು.

ಮೊದಲು ಒಗಟು ಏನೆಂದು ನೋಡೋಣ. ಡಿಎನ್‌ಎಯ ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ತೋರಿಸಿದರು. ಪ್ರತಿ ಎಳೆಗೂ ಒಂದು ದಿಕ್ಕಿದೆ. ಎಳೆಯಲ್ಲಿರುವ ಸಕ್ಕರೆಯ ಇಂಗಾಲಗಳಿಗೆ ಕೊಟ್ಟ ಸಂಖ್ಯೆಯಿಂದ ಒಂದು ತುದಿಯನ್ನು 5′ ಎಂದೂ ಇನ್ನೊಂದನ್ನು 3′ ಎಂದೂ ಕರೆಯುತ್ತಾರೆ. ಎರಡು ಎಳೆಗಳ ದಿಕ್ಕು ವಿರುದ್ಧ: ಒಂದರ ತಲೆ ಇರುವಲ್ಲಿ ಇನ್ನೊಂದರ ಕಾಲು. ಜೀವಕೋಶ ಇಬ್ಭಾಗವಾಗುವ ಮುನ್ನ ಜಿಪ್ ಬಿಚ್ಚಿದಂತೆ ಎಳೆಗಳು ಬೇರೆಯಾಗುತ್ತವೆ. ಬಿಚ್ಚಿಕೊಂಡ ಪ್ರತಿ ಎಳೆಯ ಎದುರೂ ಹೊಸ ಎಳೆ ಕಟ್ಟಲ್ಪಡುತ್ತದೆ. ಹೀಗೆ ಬಿಚ್ಚುತ್ತಾ ಸಾಗುವ ಜಾಗವನ್ನು ಕವಲು ಎನ್ನೋಣ.

ಹೊಸ ಎಳೆಯನ್ನು ಕಟ್ಟುವ ಕಿಣ್ವವಾದ ಡಿಎನ್‌ಎ ಪಾಲಿಮರೇಸನ್ನು ಆರ್ಥರ್ ಕಾರ್ನ್‌ಬರ್ಗ್ 1956ರಲ್ಲಿ ಪತ್ತೆ ಮಾಡಿದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೇ. 1959ರಲ್ಲಿ ಅವರಿಗೆ ನೊಬೆಲ್ ಬಂತು, ಅದೇ ವರ್ಷ ಅವರು ಸ್ಟ್ಯಾನ್‌ಫರ್ಡ್‌ಗೆ ಹೋದರು. ಈ ಕಿಣ್ವಕ್ಕೆ ಒಂದು ಹಟವಿದೆ. ಎಳೆಯ 3′ ತುದಿಗೆ ಮಾತ್ರ ಅದು ಹೊಸ ಘಟಕವನ್ನು ಸೇರಿಸುತ್ತದೆ, ಇನ್ನೊಂದು ತುದಿಯನ್ನು ಮುಟ್ಟುವುದೇ ಇಲ್ಲ. ಕವಲು ಸಾಗುವ ದಿಕ್ಕಿಗೆ ಒಂದು ಹೊಸ ಎಳೆ ಸಲೀಸಾಗಿ ಬೆಳೆಯಬಹುದು. ಎರಡನೆಯದು ಮಾತ್ರ ಕವಲಿಗೆ ಬೆನ್ನು ಮಾಡಿಯೇ ಬೆಳೆಯಬೇಕು. ಆದರೆ 1963ರಲ್ಲಿ ಜಾನ್ ಕೇರ್ನ್ಸ್ ಇ. ಕೋಲೈ ಬ್ಯಾಕ್ಟೀರಿಯಾದ ಡಿಎನ್‌ಎಯ ಚಿತ್ರ ತೆಗೆದಾಗ, ಕವಲಿನ ಬಳಿ ಎರಡು ಎಳೆಗಳೂ ಜೊತೆಜೊತೆಯಾಗಿಯೇ ನಕಲಾಗುತ್ತಿರುವುದು ಕಂಡಿತು. ಹಾಗಾದರೆ ಎರಡನೆಯ ಎಳೆಯನ್ನು ಕಟ್ಟುತ್ತಿರುವವರು ಯಾರು? ವಿರುದ್ಧ ದಿಕ್ಕಿಗೆ ಕಟ್ಟುವ ಇನ್ನೊಂದು ಕಿಣ್ವ ಎಲ್ಲೋ ಅಡಗಿರಬೇಕು ಎಂದು ಹಲವರು ಹುಡುಕಿದರು. ಅದು ಸಿಗಲಿಲ್ಲ.

ಅಂಥ ಕಿಣ್ವ ಯಾಕಿಲ್ಲ ಎಂಬುದಕ್ಕೆ ಈಗ ಒಪ್ಪಿತವಾಗಿರುವ ಒಂದು ಚೆಂದದ ವಿವರಣೆ ಇದೆ. ಎಳೆಗೆ ಸೇರಲು ಬರುವ ಪ್ರತಿ ಘಟಕವೂ ಮೂರು ಫಾಸ್ಫೇಟುಗಳನ್ನು ಹೊತ್ತು ಬರುತ್ತದೆ. ಅವುಗಳಲ್ಲಿ ಎರಡು ಕಳಚಿ ಬಿದ್ದಾಗ ಸಿಗುವ ಶಕ್ತಿಯಿಂದಲೇ ಬೆಸುಗೆ ನಡೆಯುತ್ತದೆ. ಅಂದರೆ ಬರುವ ನೆಂಟ ತನ್ನ ಖರ್ಚನ್ನು ತಾನೇ ತರುತ್ತಾನೆ. ತಪ್ಪು ಘಟಕ ಸೇರಿದರೆ ಪಾಲಿಮರೇಸ್ ಅದನ್ನು ಕಿತ್ತುಹಾಕುತ್ತದೆ. ಮುಂದೆ ಬರುವ ಸರಿಯಾದ ಘಟಕ ತನ್ನ ಶಕ್ತಿಯನ್ನು ಜೊತೆಗೇ ತರುವುದರಿಂದ ಕೆಲಸ ನಿಲ್ಲುವುದಿಲ್ಲ. ಎಳೆ ವಿರುದ್ಧ ದಿಕ್ಕಿಗೆ ಬೆಳೆಯುವುದಾದರೆ ಈ ಮೂರು ಫಾಸ್ಫೇಟುಗಳು ಎಳೆಯ ತುದಿಯಲ್ಲೇ ಇರಬೇಕಾಗುತ್ತದೆ. ಆಗ ತಪ್ಪು ಘಟಕವನ್ನು ಕಿತ್ತರೆ ಅವೂ ಹೋಗುತ್ತವೆ, ಮುಂದಿನ ಬೆಸುಗೆಗೆ ಶಕ್ತಿ ಉಳಿಯುವುದಿಲ್ಲ. ತಪ್ಪು ತಿದ್ದುವ ಅವಕಾಶ ಬೇಕೆಂದರೆ ಒಂದೇ ದಿಕ್ಕು ಎಂಬ ಕಟ್ಟುಪಾಡೂ ಬೇಕು.

ಇನ್ನು ಒಕಜಾಕಿ ದಂಪತಿಯ ವಿಷಯಕ್ಕೆ ಬರುತ್ತೇನೆ. ಅವರು ಸೇಂಟ್ ಲೂಯಿಸ್‌ನಲ್ಲಿ ಜ್ಯಾಕ್ ಸ್ಟ್ರೋಮಿಂಜರ್ ಅವರ ಬಳಿ, ನಂತರ ಸ್ಟ್ಯಾನ್‌ಫರ್ಡ್‌ನಲ್ಲಿ ಕಾರ್ನ್‌ಬರ್ಗ್ ಅವರ ಬಳಿ ಕೆಲಸ ಮಾಡಿ, 1963ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯಕ್ಕೆ ಮರಳಿದರು. ಅವರ ಊಹೆ ಸರಳವಾಗಿತ್ತು. ಎರಡನೆಯ ಕಿಣ್ವ ಇಲ್ಲದಿದ್ದರೆ, ಇರುವ ಕಿಣ್ವವೇ ಹಿಮ್ಮುಖವಾಗಿ ಒಂದು ಚಿಕ್ಕ ತುಂಡನ್ನು ಕಟ್ಟುತ್ತಿರಬೇಕು. ಕವಲು ಇನ್ನಷ್ಟು ಬಿಚ್ಚಿಕೊಂಡಾಗ ಮುಂದಕ್ಕೆ ಬಂದು ಮತ್ತೊಂದು ತುಂಡನ್ನು ಕಟ್ಟುತ್ತಿರಬೇಕು. ನನ್ನ ತಾಯಿ ರವಿಕೆ ಹೊಲಿಯುವಾಗ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಎರಡು ಹೆಜ್ಜೆ ಮುಂದೆ ತೆಗೆಯುತ್ತಿದ್ದುದು ಇದನ್ನು ಓದುವಾಗ ನೆನಪಾಯಿತು. ಪ್ರತಿ ಹೊಲಿಗೆಯೂ ಹಿಂದಕ್ಕೇ ಬೀಳುತ್ತದೆ, ಹೊಲಿಗೆಯ ಸಾಲು ಮಾತ್ರ ಮುಂದಕ್ಕೆ ಹೋಗುತ್ತದೆ.

ಇದು ನಿಜವಾದರೆ ಆಗತಾನೇ ಹುಟ್ಟಿದ ಡಿಎನ್‌ಎ ಚಿಕ್ಕ ತುಂಡುಗಳಾಗಿ ಸಿಗಬೇಕು. ಆದರೆ ಅದನ್ನು ಹಿಡಿಯುವುದು ಸುಲಭವಲ್ಲ. ದೇಹದ ಉಷ್ಣತೆಯಲ್ಲಿ ಇ. ಕೋಲೈನ ಕವಲು ಸೆಕೆಂಡಿಗೆ ಸುಮಾರು 1,000 ಅಕ್ಷರಗಳಷ್ಟು ಸಾಗುತ್ತದೆ. ಒಂದು ತುಂಡಿನ ಉದ್ದವೇ 1,000ದಿಂದ 2,000 ಅಕ್ಷರ. ಎಂದರೆ ತುಂಡು ಹುಟ್ಟಲು ಬೇಕಾದ ಕಾಲ ಒಂದೆರಡು ಸೆಕೆಂಡು ಮಾತ್ರ. ಅದಕ್ಕಾಗಿ ಅವರು ಬ್ಯಾಕ್ಟೀರಿಯಾಗಳನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಅವುಗಳ ವೇಗ ತಗ್ಗಿಸಿದರು. ಡಿಎನ್‌ಎಗೆ ಮಾತ್ರ ಸೇರುವ ಥೈಮಿಡಿನ್ ಎಂಬ ವಸ್ತುವಿಗೆ ವಿಕಿರಣದ ಗುರುತು ಹಚ್ಚಿ, ಅದನ್ನು ಕೆಲವೇ ಸೆಕೆಂಡು ಕೊಟ್ಟು ಕೂಡಲೇ ಕೆಲಸ ನಿಲ್ಲಿಸಿದರು. ಕ್ಷಾರದಿಂದ ಎಳೆಗಳನ್ನು ಬೇರ್ಪಡಿಸಿ ಸಕ್ಕರೆ ದ್ರಾವಣದ ಮೇಲಿಟ್ಟು ರಭಸವಾಗಿ ತಿರುಗಿಸಿದರು. ಉದ್ದದ ಎಳೆಗಳು ಕೆಳಕ್ಕೆ ಬೇಗ ಇಳಿಯುತ್ತವೆ, ಚಿಕ್ಕವು ಮೇಲೆಯೇ ಉಳಿಯುತ್ತವೆ. ಗುರುತು ಸಿಕ್ಕಿದ್ದು ಮೇಲೆ, ಚಿಕ್ಕ ತುಂಡುಗಳಲ್ಲಿ. ಗುರುತಿನ ಅವಧಿ ಹೆಚ್ಚಿಸಿದಂತೆ ಅದು ಉದ್ದದ ಎಳೆಗಳಿಗೆ ಸೇರಿಹೋಯಿತು. 1968ರಲ್ಲಿ ಈ ಪ್ರಬಂಧ ಪ್ರಕಟವಾಯಿತು.

ಆದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ಈ ತುಂಡುಗಳು ಎಳೆಯನ್ನು ಹೊರತೆಗೆಯುವಾಗ ಮುರಿದ ಚೂರುಗಳಾಗಿರಬಾರದೇಕೆ? ಇದಕ್ಕೆ ಉತ್ತರ ಕೊಟ್ಟದ್ದು ಲೈಗೇಸ್ ಎಂಬ ಕಿಣ್ವ. ಅದರ ಹಿಂದಿನ ವರ್ಷವಷ್ಟೇ, 1967ರಲ್ಲಿ, ಅಮೆರಿಕದ ಹಲವು ಪ್ರಯೋಗಾಲಯಗಳು ಬೇರೆಬೇರೆಯಾಗಿ ಈ ಕಿಣ್ವವನ್ನು ಕಂಡುಹಿಡಿದಿದ್ದವು. ರಕ್ತನಾಳ ಕಟ್ಟಲು ಶಸ್ತ್ರವೈದ್ಯರು ಬಳಸುವ ದಾರಕ್ಕೆ ಲಿಗೇಚರ್ ಎನ್ನುತ್ತೇವೆ. ‘ಕಟ್ಟು’ ಎಂಬರ್ಥದ ಅದೇ ಲ್ಯಾಟಿನ್ ಧಾತುವಿನಿಂದ ಲೈಗೇಸ್ ಹೆಸರೂ ಬಂದಿದೆ. ಬ್ಯಾಕ್ಟೀರಿಯಾವನ್ನು ಕಾಡುವ ಟಿ4 ಎಂಬ ವೈರಸ್ ತನ್ನದೇ ಲೈಗೇಸ್ ತಯಾರಿಸಿಕೊಳ್ಳುತ್ತದೆ. ಅದರ ಒಂದು ತಳಿಯಲ್ಲಿ ಈ ಕಿಣ್ವ ತಂಪಿನಲ್ಲಿ ಕೆಲಸ ಮಾಡುತ್ತದೆ, ಬಿಸಿ ಹೆಚ್ಚಿದರೆ ಕೆಡುತ್ತದೆ. ನಗೋಯಾ ತಂಡ ಈ ತಳಿಯನ್ನು ಬಿಸಿಯಲ್ಲಿಟ್ಟು ನೋಡಿತು. ಹೊಸ ಡಿಎನ್‌ಎ ಚಿಕ್ಕ ತುಂಡುಗಳಾಗಿಯೇ ರಾಶಿ ಬಿತ್ತು, ಉದ್ದದ ಎಳೆಯಾಗಲಿಲ್ಲ. ಆಕಸ್ಮಿಕವಾಗಿ ಮುರಿದ ಚೂರುಗಳಾಗಿದ್ದರೆ ಲೈಗೇಸ್ ಇದ್ದಾಗಲೂ ಇಲ್ಲದಾಗಲೂ ಅಷ್ಟೇ ಇರಬೇಕಿತ್ತು. ಬೆಸೆಯುವವನು ಇಲ್ಲದಾಗ ರಾಶಿ ಬಿದ್ದವೆಂದರೆ, ಅವು ಬೆಸುಗೆಗಾಗಿಯೇ ಕಾದಿದ್ದ ತುಂಡುಗಳು. ಮರುವರ್ಷ ಎಳೆಯನ್ನು ಒಂದೊಂದು ತುದಿಯಿಂದ ತಿನ್ನುವ ಕಿಣ್ವಗಳನ್ನು ಬಳಸಿ, ಈ ತುಂಡುಗಳೂ 3′ ತುದಿಯಲ್ಲೇ ಬೆಳೆಯುತ್ತವೆ ಎಂದು ತೋರಿಸಿದರು. ಎರಡನೆಯ ಕಿಣ್ವವನ್ನು ಹುಡುಕುವ ಅಗತ್ಯ ಉಳಿಯಲಿಲ್ಲ.

ಬೆಸುಗೆ ನಡೆಯುವ ಬಗೆಯನ್ನೂ ನೋಡೋಣ. ಪಾಲಿಮರೇಸ್‌ಗೆ ಹೊಸ ಎಳೆಯನ್ನು ತಾನಾಗಿ ಆರಂಭಿಸಲು ಬರುವುದಿಲ್ಲ. ಪ್ರತಿ ತುಂಡಿನ ಮೊದಲಿಗೆ ಹತ್ತಾರು ಅಕ್ಷರದ ಆರ್‌ಎನ್‌ಎಯ ಚಿಕ್ಕ ಮೊಳಕೆಯೊಂದನ್ನು ಬೇರೊಂದು ಕಿಣ್ವ ಇಡುತ್ತದೆ. ತುಂಡುಗಳಿಗೆ ಆರ್‌ಎನ್‌ಎ ಅಂಟಿರುವುದನ್ನು ನಗೋಯಾ ತಂಡವೇ 1972ರಲ್ಲಿ ವರದಿ ಮಾಡಿತು. ಬ್ಯಾಕ್ಟೀರಿಯಾದಲ್ಲಿ ಆಮೇಲೆ ಆ ಆರ್‌ಎನ್‌ಎಯನ್ನು ಕಿತ್ತು ಆ ಜಾಗವನ್ನು ಡಿಎನ್‌ಎಯಿಂದ ತುಂಬುವುದು ಕಾರ್ನ್‌ಬರ್ಗ್ ಕಂಡುಹಿಡಿದ ಪಾಲಿಮರೇಸ್. ತುಂಬಿದ ಮೇಲೂ ಎರಡು ತುಂಡುಗಳ ನಡುವೆ ಒಂದು ಸೀಳು ಉಳಿಯುತ್ತದೆ. ಅಲ್ಲಿ ಯಾವ ಅಕ್ಷರವೂ ಕಾಣೆಯಾಗಿಲ್ಲ, ಒಂದು ಬಂಧ ಮಾತ್ರ ಇಲ್ಲ. ಲೈಗೇಸ್ ಮೊದಲು ಎಟಿಪಿಯಿಂದ ಎಎಂಪಿ ಎಂಬ ಭಾಗವನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತದೆ. ಇ. ಕೋಲೈನಲ್ಲಿ ಇದಕ್ಕೆ ಎಟಿಪಿಯ ಬದಲು ಎನ್‌ಎಡಿ ಬಳಕೆಯಾಗುತ್ತದೆ. ಆಮೇಲೆ ಅದನ್ನು ಸೀಳಿನ 5′ ಕಡೆಯ ಫಾಸ್ಫೇಟಿಗೆ ದಾಟಿಸುತ್ತದೆ. ಕೊನೆಗೆ ಪಕ್ಕದ 3′ ತುದಿ ಆ ಫಾಸ್ಫೇಟನ್ನು ಹಿಡಿದುಕೊಳ್ಳುತ್ತದೆ, ಎಎಂಪಿ ಕಳಚಿಹೋಗುತ್ತದೆ, ಎಳೆ ಒಂದಾಗುತ್ತದೆ. ಒಂದು ಅಕ್ಷರ ಕಡಿಮೆಯಿದ್ದರೂ ಲೈಗೇಸ್ ಆ ಕಂದಕವನ್ನು ತುಂಬಲಾರದು.

ಪ್ರಯೋಗದಲ್ಲಿ ಒಂದು ತೊಡಕೂ ಇತ್ತು. ಒಂದು ಎಳೆ ಅಖಂಡವಾಗಿ ಬೆಳೆದರೆ ಗುರುತಿನ ಅರ್ಧ ಮಾತ್ರ ಚಿಕ್ಕ ತುಂಡುಗಳಲ್ಲಿ ಇರಬೇಕು. ಅವರಿಗೆ ಬಹುಪಾಲು ಅಲ್ಲಿಯೇ ಸಿಕ್ಕಿತ್ತು. ಕೋಶ ಆಗಾಗ ಥೈಮಿನ್ ಬದಲು ಯುರಾಸಿಲ್ ಎಂಬ ತಪ್ಪು ಅಕ್ಷರ ಹಾಕಿಬಿಡುತ್ತದೆ. ಅದನ್ನು ತಿದ್ದುವಾಗ ಅಖಂಡ ಎಳೆಯಲ್ಲೂ ತಾತ್ಕಾಲಿಕ ಸೀಳುಗಳಾಗುತ್ತವೆ ಎಂಬುದು 1970ರ ದಶಕದ ಕೊನೆಗೆ ಗೊತ್ತಾಯಿತು. ತೊಡಕಿಗೆ ಇದು ಒಂದು ಭಾಗದ ಉತ್ತರ. ಶುದ್ಧಗೊಳಿಸಿದ ಕಿಣ್ವಗಳನ್ನಷ್ಟೇ ಬಳಸಿದ ಪ್ರಯೋಗಗಳಲ್ಲಿ ಒಂದು ಎಳೆ ಉದ್ದವಾಗಿಯೂ ಇನ್ನೊಂದು ತುಂಡುಗಳಾಗಿಯೂ ಬರುತ್ತದೆ.

ನಮ್ಮ ಕೋಶಗಳಲ್ಲಿ ತುಂಡುಗಳು ಇನ್ನೂ ಚಿಕ್ಕವು, ನೂರರಿಂದ ಇನ್ನೂರು ಅಕ್ಷರ. ತಂದೆತಾಯಿಯರಿಂದ ಬಂದ ಡಿಎನ್‌ಎ ಒಟ್ಟು ಸುಮಾರು 600 ಕೋಟಿ ಅಕ್ಷರಗಳ ಜೋಡಿ. ಇನ್ನೂರರಂತೆ ಭಾಗಿಸಿದರೂ ಒಂದು ಕೋಶ ಒಮ್ಮೆ ಇಬ್ಭಾಗವಾಗಲು ಸುಮಾರು 3 ಕೋಟಿ ಬೆಸುಗೆಗಳು ಬೇಕು. ಬೆಸುಗೆ ನಿಧಾನವಾದರೆ ಏನಾಗುತ್ತದೆ? 1992ರಲ್ಲಿ ಬ್ರಿಟನ್ನಿನ ವೈದ್ಯರೂ ವಿಜ್ಞಾನಿಗಳೂ ಅಂಥ ಒಬ್ಬ ಯುವತಿಯ ವಿವರ ಪ್ರಕಟಿಸಿದರು. ಆಕೆಯ ಲೈಗೇಸ್-1 ಜೀನಿನ ಎರಡು ಪ್ರತಿಗಳಲ್ಲೂ ದೋಷವಿತ್ತು. ಬೆಳವಣಿಗೆ ಕುಂಠಿತವಾಗಿತ್ತು, ರೋಗನಿರೋಧಕ ಶಕ್ತಿ ಕಡಿಮೆಯಿತ್ತು, ಬಿಸಿಲು ತಾಳುತ್ತಿರಲಿಲ್ಲ. ಆಕೆ 19ನೇ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ಆಕೆಯ ಚರ್ಮದಿಂದ ಬೆಳೆಸಿದ ಕೋಶಗಳಲ್ಲಿ ಒಕಜಾಕಿ ತುಣುಕುಗಳು ಬೆಸೆದುಕೊಳ್ಳಲು ತಡವಾಗುತ್ತಿತ್ತು. ನಗೋಯಾದ ವೈರಸ್ಸಿನಲ್ಲಿ ಕಂಡದ್ದೇ ಇಲ್ಲಿ ಒಬ್ಬ ರೋಗಿಯಲ್ಲಿ ಕಂಡಿತು.

ರೈಜಿ ಹುಟ್ಟಿದ ಊರು ಹಿರೋಷಿಮಾ. ಅಣುಬಾಂಬು ಬಿದ್ದಾಗ ಅವರಿಗೆ 14 ವರ್ಷ, ಆ ವಿಕಿರಣಕ್ಕೆ ಅವರೂ ತುತ್ತಾಗಿದ್ದರು. 1975ರಲ್ಲಿ, 44ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಬಾಂಬಿಗೆ ಸಿಕ್ಕಿ ಬದುಕುಳಿದವರಲ್ಲಿ ಈ ರೋಗ ಹೆಚ್ಚಾಗಿತ್ತು ಎಂಬುದು ದೃಢಪಟ್ಟ ವಿಷಯ. ಮೂವತ್ತು ವರ್ಷಗಳ ನಂತರ ಒಬ್ಬರಿಗೆ ಬಂದ ರೋಗ ಅದರಿಂದಲೇ ಎಂದು ಯಾವ ವೈದ್ಯನೂ ಪರೀಕ್ಷೆ ಮಾಡಿ ಹೇಳಲಾರ, ಆದರೆ ಎಲ್ಲರೂ ಹಾಗೆಂದೇ ನಂಬಿದ್ದಾರೆ. ಅದೇ ಪ್ರಯೋಗಾಲಯದಲ್ಲಿ ತ್ಸುನೆಕೊ ಕೆಲಸ ಮುಂದುವರಿಸಿದರು. ಆರ್‌ಎನ್‌ಎ ಮೊಳಕೆಯ ಕುರಿತ ಕೆಲಸ ಅವರ ಕೈಯಲ್ಲಿ ಪೂರ್ಣವಾಯಿತು. 2021ರಲ್ಲಿ ಜಪಾನ್ ಅವರಿಗೆ ಆರ್ಡರ್ ಆಫ್ ಕಲ್ಚರ್ ಪ್ರಶಸ್ತಿ ನೀಡಿತು. ಆಗ ಅವರಿಗೆ 88 ವರ್ಷ.

ಆ ಎರಡು ಅಂಕದ ಪ್ರಶ್ನೆಗೆ ಇಂದು ಉತ್ತರ ಬರೆಯುವುದಾದರೆ, ಮೊದಲ ಸಾಲಿನಲ್ಲೇ ಎರಡು ಹೆಸರುಗಳನ್ನು ಬರೆಯುತ್ತೇನೆ.