ನೆನೆಸಿದ ಬಾದಾಮಿ

ರಾತ್ರಿ ನೀರಿನಲ್ಲಿಟ್ಟು, ಬೆಳಿಗ್ಗೆ ಸಿಪ್ಪೆ ಸುಲಿದು ತಿನ್ನುವ ಬಾದಾಮಿ. ನೆನೆಸಿದರೆ ಕ್ಯಾಲೊರಿ ಇಳಿಯುತ್ತದೆ, ಪೋಷಕಾಂಶ ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದಕ್ಕೆ ಆಧಾರ ಸಾಲದು. ಒಂದು ಬಾದಾಮಿ ಸುಮಾರು 1.2 ಗ್ರಾಂ ತೂಗುತ್ತದೆ, ಅದರಲ್ಲಿ 7 ಕ್ಯಾಲೊರಿ ಇರುತ್ತದೆ. ಹತ್ತು ಬಾದಾಮಿ ನೆನೆದರೆ ನೀರು ಹೀರಿ ತೂಕ ಹೆಚ್ಚುತ್ತದೆ. ಆದ್ದರಿಂದ ನೂರು ಗ್ರಾಂ ಲೆಕ್ಕದಲ್ಲಿ ಕ್ಯಾಲೊರಿ ಕಡಿಮೆ ಕಾಣುತ್ತದೆ, ಆದರೆ ಆ ಹತ್ತರ ಮೊತ್ತ ಸುಮಾರು 70 ಆಗಿಯೇ ಉಳಿಯುತ್ತದೆ. ಕಬ್ಬಿಣ, ಸತುವು ಹೀರಿಕೆಗೆ ಅಡ್ಡಿಯಾಗುವ ಫೈಟೇಟ್ ಕೂಡ ನೆನೆಸುವುದರಿಂದ ಗಮನಾರ್ಹವಾಗಿ ಇಳಿಯುವುದಿಲ್ಲವೆಂದು ಪ್ರಯೋಗಗಳು ತೋರಿಸಿವೆ. ಸಿಪ್ಪೆ ಎಸೆದರೆ ನಾರು, ಪಾಲಿಫಿನಾಲ್‌ಗಳೂ ಹೋಗುತ್ತವೆ. ಹಲ್ಲಿಲ್ಲದವರಿಗೆ, ಅರೆಯುವವರಿಗೆ ಮೆತ್ತಗಾಗುವುದೇ ನಿಜವಾದ ಲಾಭ.

ಕ್ಯಾಲೊರಿಯನ್ನು ನಿಜಕ್ಕೂ ನಿರ್ಧರಿಸುವುದು ಪ್ರಮಾಣ. 28 ಗ್ರಾಂ, ಅಂದರೆ 23 ಬಾದಾಮಿಗೆ, ಸುಮಾರು 165 ಕ್ಯಾಲೊರಿ. ಅಷ್ಟೇ ತೂಕದ ಗೋಡಂಬಿ (ಸುಮಾರು 18), ಕಡಲೆಕಾಯಿ ಬೀಜ, ಸೂರ್ಯಕಾಂತಿ ಬೀಜಗಳೂ 155ರಿಂದ 165ರ ಆಸುಪಾಸಿನಲ್ಲೇ ಇವೆ. ಅಗ್ಗದ ಕಡಲೆಕಾಯಿ ಪ್ರೋಟೀನಿನಲ್ಲಿ ಬಾದಾಮಿಗಿಂತ ತುಸು ಮುಂದು. ಇಡೀ ಬಾದಾಮಿಯ ಕೋಶಗಳಲ್ಲಿ ಸಿಕ್ಕಿಕೊಂಡ ಕೊಬ್ಬು ಪೂರ್ತಿ ಜೀರ್ಣವಾಗದ ಕಾರಣ, ದೇಹಕ್ಕೆ ಸೇರುವ ಶಕ್ತಿ ಇನ್ನೂ ಕಡಿಮೆ. ನುಣ್ಣಗೆ ಅರೆದರೆ ಈ ರಿಯಾಯಿತಿ ಬಹುಪಾಲು ಇಲ್ಲವಾಗುತ್ತದೆ.