ಬಿರುಕು ಬಿಟ್ಟ ಪರಿವರ್ತಿತ ಛೇದ

ಪ್ರಬಲಿತ ಕಾಂಕ್ರೀಟ್ ತೊಲೆಯ ಎಳೆತದ ಭಾಗ ಬಿರುಕು ಬಿಟ್ಟ ಮೇಲೆ, ಅಲ್ಲಿನ ಕಾಂಕ್ರೀಟನ್ನು ಕೈಬಿಟ್ಟು, ಉಕ್ಕಿನ ಬದಲು ಅದರ m ಪಟ್ಟು ವಿಸ್ತೀರ್ಣದ ಕಾಂಕ್ರೀಟ್ ಇದೆಯೆಂದು ಭಾವಿಸುವ ಛೇದ. ಇಲ್ಲಿ m ಎಂಬುದು ಉಕ್ಕು ಮತ್ತು ಕಾಂಕ್ರೀಟಿನ ಸ್ಥಿತಿಸ್ಥಾಪಕತ್ವ ಗುಣಾಂಕಗಳ ಅನುಪಾತ.

ತಟಸ್ಥ ಅಕ್ಷದ ಸುತ್ತ ಎರಡೂ ಕಡೆಯ ವಿಸ್ತೀರ್ಣ-ಮೊಮೆಂಟ್‌ಗಳು ಸಮವಾಗಿರಬೇಕು:

bx²/2 = mA(d − x)

ಉದಾಹರಣೆಗೆ, ಅಗಲ b = 250 ಮಿ.ಮೀ., ಪರಿಣಾಮಿ ಆಳ d = 450 ಮಿ.ಮೀ., 20 ಮಿ.ಮೀ. ವ್ಯಾಸದ ಮೂರು ಸರಳುಗಳು (A = 942 ಚ.ಮಿ.ಮೀ.), m = 13.33 ಎಂದಾದರೆ, ತಟಸ್ಥ ಅಕ್ಷ ಮೇಲಂಚಿನಿಂದ x = 168 ಮಿ.ಮೀ. ಕೆಳಗಿರುತ್ತದೆ.

ಒತ್ತುಬಲ ಮೇಲಂಚಿನಿಂದ x/3 ಆಳದಲ್ಲಿ ವರ್ತಿಸುವುದರಿಂದ ಎರಡು ಬಲಗಳ ನಡುವಿನ ಅಂತರ 450 − 56 = 394 ಮಿ.ಮೀ. ಬೆಂಡಿಂಗ್ ಮೊಮೆಂಟ್ 50 ಕಿಲೋನ್ಯೂಟನ್-ಮೀಟರ್ ಇದ್ದರೆ ಪ್ರತಿ ಬಲವೂ ಸುಮಾರು 127 ಕಿಲೋನ್ಯೂಟನ್. ಇದನ್ನು A ಯಿಂದ ಭಾಗಿಸಿದರೆ ಉಕ್ಕಿನ ಪೀಡನ ಸುಮಾರು 135 N/mm². bx/2 ರಿಂದ ಭಾಗಿಸಿದರೆ ಕಾಂಕ್ರೀಟಿನ ಗರಿಷ್ಠ ಪೀಡನ ಸುಮಾರು 6 N/mm².

ಈ ವಿಧಾನ ಬಳಕೆಯ ಹೊರೆಗಷ್ಟೇ ಸಲ್ಲುತ್ತದೆ. ಹೊರೆ ಹೆಚ್ಚಿ ಕಾಂಕ್ರೀಟಿನ ಪೀಡನ ಸರಳರೇಖೆಯಲ್ಲಿ ಬದಲಾಗದಾದಾಗ ಈ ಲೆಕ್ಕ ಹೊಂದುವುದಿಲ್ಲ.